ಶಿಫಾನಾ ಮುಂಬೈಗೆ ಹೂಂ ಅಂದದ್ದು

ಉಡುಪಿಯ ಕಡಿಯಾಳಿಯಲ್ಲಿ ಒಂದು ಲ್ಯಾಬಿನ ಕಲೆಕ್ಷನ್ ಸೆಂಟರ್ ಉಂಟು. ಹತ್ತೊಂಬತ್ತು ವರ್ಷಗಳಿಂದ ಅದನ್ನು ನೋಡಿಕೊಳ್ಳುತ್ತಿರುವವಳು ನಾನು, ಬರ್ತಾ. ಬೆಳಿಗ್ಗೆ ಆರೂವರೆಗೆ ಬಾಗಿಲು ತೆರೆದರೆ ಖಾಲಿ ಹೊಟ್ಟೆಯಲ್ಲಿ ಬಂದವರು ಕುಳಿತಿರುತ್ತಾರೆ. ಅವರ ಕೈಯ ನರ ಹುಡುಕಿ ರಕ್ತ ತೆಗೆಯುವುದು, ಟ್ಯೂಬಿಗೆ ಹೆಸರು, ಬಾರ್‌ಕೋಡ್ ಅಂಟಿಸುವುದು ನನ್ನ ಕೆಲಸ. ಶುಗರ್‌ನಂಥ ಸಣ್ಣ ಪರೀಕ್ಷೆ ಇಲ್ಲಿಯೇ ಆಗುತ್ತದೆ. ಉಳಿದದ್ದೆಲ್ಲ ಥರ್ಮಾಕೋಲ್ ಡಬ್ಬಿಯೊಳಗೆ ತಣ್ಣಗೆ ಕುಳಿತು ಸಂಜೆ ಮಂಗಳೂರಿಗೆ, ಅಲ್ಲಿಂದ ವಿಮಾನದಲ್ಲಿ ನವಿ ಮುಂಬೈಯ ದೊಡ್ಡ ಲ್ಯಾಬಿಗೆ ಹೋಗುತ್ತದೆ. ಮರುದಿನ ಮಧ್ಯಾಹ್ನದೊಳಗೆ ರಿಪೋರ್ಟ್ ಕಂಪ್ಯೂಟರಿಗೆ ಬಂದು ಬೀಳುತ್ತದೆ. ಇಷ್ಟು ವರ್ಷ ನಾನು ಅದನ್ನು ಒಂದು ಮಾಮೂಲಿ ಸಂಗತಿಯೆಂದೇ ತಿಳಿದಿದ್ದೆ.

ಹಾಗಲ್ಲ ಎಂದು ತೋರಿಸಿಕೊಟ್ಟವಳು ಕಾಪುವಿನ ಶಿಫಾನಾ.

ಅವಳು ಮಣಿಪಾಲದಲ್ಲಿ ಲ್ಯಾಬ್ ಟೆಕ್ನಾಲಜಿಯ ಬಿ.ಎಸ್ಸಿ. ಓದುತ್ತಿದ್ದಳು. ಕೊನೆಯ ವರ್ಷದ ತರಬೇತಿಯಲ್ಲಿ ಆರು ತಿಂಗಳು ನಮ್ಮ ಸೆಂಟರಿಗೆ ಬಂದಳು. ಕಾಪುವಿನಿಂದ ಬೆಳಗ್ಗಿನ ಮೊದಲ ಬಸ್ಸು ಹಿಡಿದು ಬರುವವಳು. ಮಾತು ಕಡಿಮೆ. ಆದರೆ ಸಂಜೆ ಡಬ್ಬಿ ಕಟ್ಟುವಾಗ ಮಾತ್ರ ಅವಳ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ.

"ಬರ್ತಾಕ್ಕ, ಇದು ಅಲ್ಲಿ ಎಷ್ಟು ಗಂಟೆಗೆ ತಲುಪುತ್ತದೆ?"

"ರಾತ್ರಿ ಆಗಬಹುದು."

"ರಾತ್ರಿ ಯಾರು ತೆರೆಯುತ್ತಾರೆ?"

"ಎಂತ ಗೊತ್ತು ಮಾರಾಯ್ತಿ. ಯಾರೋ ಇರುತ್ತಾರೆ."

ಅವಳಿಗೆ ಆ 'ಯಾರೋ' ಸಾಕಾಗುತ್ತಿರಲಿಲ್ಲ. ಒಂದು ದಿನ ಎಲ್ಲೂರಿನ ಒಬ್ಬ ಅಜ್ಜಿಯ ರಕ್ತದ ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡು ಹೇಳಿದಳು: "ಈ ಅಜ್ಜಿ ಉಡುಪಿ ದಾಟಿಯೇ ಇಲ್ಲವಂತೆ. ಅವರ ರಕ್ತ ಇವತ್ತು ವಿಮಾನದಲ್ಲಿ ಹೋಗುತ್ತದೆ. ನಾವಿಬ್ಬರೂ ವಿಮಾನ ಹತ್ತಿಲ್ಲ, ಅಲ್ವಾ?" ನಾನು ನಕ್ಕೆ. ಅವಳು ನಗಲಿಲ್ಲ. ದೇವರ ಮನೆಯೊಳಗೆ ಇಣುಕಿ ನೋಡುವವಳ ಹಾಗೆ ಡಬ್ಬಿಯೊಳಗೆ ನೋಡುತ್ತಿದ್ದಳು.

ಫೆಬ್ರವರಿಯಲ್ಲಿ ಅವಳ ಕಾಲೇಜಿಗೆ ಕ್ಯಾಂಪಸ್ ಸಂದರ್ಶನಕ್ಕೆಂದು ಕಂಪನಿಯವರು ಬಂದರು. ನಾವು ಡಬ್ಬಿ ಕಳಿಸುವ ಕಂಪನಿಯೇ. ಅಲ್ಲಿ ನಡೆದದ್ದನ್ನು ಮರುದಿನ ಶಿಫಾನಾ ನನಗೆ ಒಂದೂ ಬಿಡದೆ ಹೇಳಿದಳು. ಅವಳ ಅಪ್ಪ ಪುತ್ತುಬ್ಬ ಅವರು ಹೇಳಿದ್ದು ಆಮೇಲೆ. ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಸಂದರ್ಶನಕ್ಕೆ ಮೊದಲು ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಭುಜಂಗ ಸರ್ ಎಲ್ಲರನ್ನೂ ಕೂರಿಸಿ ಪಾಠ ಮಾಡಿದ್ದರು. "ಒಂದು ಪ್ರಶ್ನೆ ಖಂಡಿತ ಕೇಳುತ್ತಾರೆ. ಬೇರೆ ಊರಿಗೆ ಹೋಗಲು ತಯಾರಿದ್ದೀರಾ ಅಂತ. ಕಣ್ಣು ಮುಚ್ಚಿ 'ಯೆಸ್, ಎಲ್ಲಿಗೂ ಬರುತ್ತೇನೆ' ಎನ್ನಿ. ಮೊದಲು ಆಫರ್ ಕೈಗೆ ಬರಲಿ. ಆಮೇಲೆ ಮಂಗಳೂರು ಕೇಳಿದರಾಯಿತು." ಒಳ್ಳೆಯ ಮನಸ್ಸಿನ ಮೇಷ್ಟ್ರು. ಮಕ್ಕಳಿಗೆ ಕೆಲಸ ಸಿಗಲಿ ಎಂಬುದೊಂದೇ ಅವರ ಆಸೆ.

ಬೆಳಿಗ್ಗೆ ಲಿಖಿತ ಪರೀಕ್ಷೆಗೆ ಮೊದಲು ಕಂಪನಿಯವರು ಒಂದು ವಿಡಿಯೋ ತೋರಿಸಿದರು. ಶಿಫಾನಾ ಅದನ್ನು ಹೇಳುವಾಗ ಅವಳ ಕೈಗಳು ಗಾಳಿಯಲ್ಲಿ ಓಡಾಡುತ್ತಿದ್ದವು. ಒಂದು ಹಾಲ್, ನಮ್ಮ ಕಡಿಯಾಳಿ ದೇವಸ್ಥಾನದ ಅಂಗಳಕ್ಕಿಂತ ದೊಡ್ಡದು. ಅದರ ಉದ್ದಕ್ಕೂ ಒಂದು ಪಟ್ಟಿ ಹರಿಯುತ್ತದೆ. ಅದರ ಮೇಲೆ ಒಂದರ ಹಿಂದೆ ಒಂದು ಟ್ಯೂಬುಗಳು, ನೇರಳೆ ಮುಚ್ಚಳ, ಹಳದಿ ಮುಚ್ಚಳ, ಮೆರವಣಿಗೆ ಹೊರಟ ಹಾಗೆ. ಕವಲಿನಲ್ಲಿ ಪ್ರತಿಯೊಂದೂ ತನ್ನ ದಾರಿ ತಾನೇ ಹಿಡಿಯುತ್ತದೆ. ಒಂದು ಯಂತ್ರದ ಕೈ ಮುಚ್ಚಳ ತೆಗೆಯುತ್ತದೆ, ಇನ್ನೊಂದು ಸೂಜಿ ಇಳಿಸುತ್ತದೆ. ಒಂದೇ ದಿನಕ್ಕೆ ಸಾವಿರ ಸಾವಿರ ಜನರ ರಕ್ತ. ಕಾಶ್ಮೀರದ್ದು, ಅಸ್ಸಾಮಿನದ್ದು, ನಮ್ಮದು.

"ಬರ್ತಾಕ್ಕ, ನನಗೆ ಮೈಯೆಲ್ಲ ಜುಂ ಅಂತು," ಎಂದಳು. "ನಾವು ಕಟ್ಟುವ ಡಬ್ಬಿ ಅಲ್ಲಿಗೆ ಹೋಗುವುದು!"

ಲಿಖಿತ ಪರೀಕ್ಷೆಯಲ್ಲಿ ಹದಿನಾಲ್ಕು ಮಂದಿ ಪಾಸಾದರು. ಅವರಲ್ಲಿ ಶಿಫಾನಾ ಮತ್ತು ಅವಳ ಗೆಳತಿ, ಕಾರ್ಕಳದ ಶ್ರೇಯಾ ಇದ್ದರು. ಮುಂದೆ ಎಚ್.ಆರ್. ಸಂದರ್ಶನ. ಒಂದು ಫಾರ್ಮ್ ಕೊಟ್ಟರು. ಅದರ ಕೊನೆಯಲ್ಲಿ 'ಬೇರೆ ಊರಿಗೆ ತೆರಳಲು ಸಿದ್ಧರಿದ್ದೀರಾ? ಹೌದು / ಇಲ್ಲ' ಎಂಬ ಸಾಲು. ಹದಿನಾಲ್ಕು ಮಂದಿಯೂ 'ಹೌದು' ಎಂಬಲ್ಲಿ ಗುರುತು ಹಾಕಿದರು.

ಒಳಗೆ ಕುಳಿತಿದ್ದವರು ಆಂಜೆಲಾ ಎಂಬ ಮೇಡಂ. ಅವರ ತಂದೆತಾಯಿ ಕಾರ್ಕಳದ ಕಡೆಯವರು, ಅವರು ಹುಟ್ಟಿ ಬೆಳೆದದ್ದು ಮುಂಬೈಯಲ್ಲಿ. ಇಂಗ್ಲಿಷಿನ ನಡುವೆ ನಿಧಾನದ, ಪುಸ್ತಕದಂಥ ಕನ್ನಡ ಆಡುತ್ತಿದ್ದರಂತೆ. ಕೆಲಸದ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದರು. ಟ್ಯೂಬಿನೊಳಗೆ ರಕ್ತಕಣ ಒಡೆದುಹೋಗಿದ್ದರೆ ಏನು ಮಾಡುತ್ತೀರಿ, ಟ್ಯೂಬಿನ ಹೆಸರಿಗೂ ಚೀಟಿಯ ಹೆಸರಿಗೂ ತಾಳೆಯಾಗದಿದ್ದರೆ ಏನು ಮಾಡುತ್ತೀರಿ, ಹೀಗೆ. ಶಿಫಾನಾ ಸಲೀಸಾಗಿ ಉತ್ತರಿಸಿದಳು. ಆಮೇಲೆ ಅವರು ಫಾರ್ಮಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಹೌದು ಎಂದು ಹಾಕಿದ್ದೀರಿ. ಎಲ್ಲಿಗೆ?"

"ಎಲ್ಲಿಗೂ ಬರುತ್ತೇನೆ ಮೇಡಂ."

ಆಂಜೆಲಾ ಮೇಡಂ ಪೆನ್ನು ಕೆಳಗಿಟ್ಟರು. "ಹೋದ ವರ್ಷ ಈ ಜಿಲ್ಲೆಯಿಂದ ಐದು ಮಂದಿಯನ್ನು ಆಯ್ಕೆ ಮಾಡಿದೆ. ಐದೂ ಮಂದಿ ಇದೇ ಮಾತು ಹೇಳಿದ್ದರು. ಸೇರುವ ದಿನ ಬಂದದ್ದು ಇಬ್ಬರು. ಅದರಲ್ಲಿ ಒಬ್ಬಳು ಎಂಟು ದಿನ ಅತ್ತು ವಾಪಸ್ ಹೋದಳು. ಅವಳ ಮೇಲೆ ಸಿಟ್ಟಿಲ್ಲ ನನಗೆ. ಆದರೆ ಅವಳ ಜಾಗದಲ್ಲಿ ನಿಜವಾಗಿ ಬರುವವರು ಯಾರೋ ಇದ್ದರು, ಅವರಿಗೆ ಸಿಗಲಿಲ್ಲ. ನೀವು ಮನೆ ಬಿಟ್ಟು ಎಷ್ಟು ದಿನ ಇದ್ದದ್ದುಂಟು?"

"ಇದ್ದೇ ಇಲ್ಲ ಮೇಡಂ."

"ಮುಂಬೈ ನೋಡಿದ್ದೀರಾ?"

"ಇಲ್ಲ."

"ಮನೆಯಲ್ಲಿ ಒಪ್ಪಿದ್ದಾರಾ?"

ಮನೆಯಲ್ಲಿ ಶಿಫಾನಾ ಸಂದರ್ಶನ ಎಂದಷ್ಟೇ ಹೇಳಿದ್ದಳು. ಕೆಲಸ ಸಿಕ್ಕರೆ ಮಂಗಳೂರಿನಲ್ಲಿ ಎಂದು ಅವರು ತಿಳಿದಿದ್ದರು, ಇವಳು ತಿದ್ದಿರಲಿಲ್ಲ. ಒಂದು ಕ್ಷಣ ಭುಜಂಗ ಸರ್ ನೆನಪಾದರು. ಆದರೂ ಬಾಯಿಗೆ ಬಂದದ್ದು ನಿಜವೇ. "ಕೇಳಿಲ್ಲ ಮೇಡಂ. ಹೌದು ಎಂದದ್ದು ನಾನು ಮಾತ್ರ."

"ಹಾಗಾದರೆ ನೀವು ಯಾಕೆ ಹೌದು ಎಂದಿರಿ?"

"ಆರು ತಿಂಗಳಿಂದ ದಿನಾ ಸಂಜೆ ನಿಮಗೆ ಡಬ್ಬಿ ಕಳಿಸುತ್ತಿದ್ದೇನೆ. ಅದನ್ನು ತೆರೆಯುವ ಜಾಗದಲ್ಲಿ ನಿಲ್ಲಬೇಕು ಎಂದು ಆಸೆ."

ಮೇಡಂ ಗಡಿಯಾರ ನೋಡಿ ಹೇಳಿದರು: "ಎರಡೂವರೆಗೆ ನನ್ನ ಪಟ್ಟಿ ಮುಗಿಯಬೇಕು. ಮನೆಯವರ ಹತ್ತಿರ ಮಾತಾಡಿ ಬನ್ನಿ. ಹೆದರಿ ಹೌದು ಎನ್ನಬೇಡಿ. ನಮ್ಮ ಮಂಗಳೂರಿನ ಸಣ್ಣ ಲ್ಯಾಬಿನಲ್ಲಿ ಒಂದು ಜಾಗ ಉಂಟು. ಇಲ್ಲ ಎಂದರೆ ನಿಮ್ಮ ಹೆಸರು ಅದಕ್ಕೆ ಬರೆದುಕೊಳ್ಳುತ್ತೇನೆ. ಅದರಲ್ಲಿ ಅವಮಾನ ಏನಿಲ್ಲ."

ಆಗ ಹನ್ನೆರಡೂ ಕಾಲು. ಹೊರಗೆ ಬಂದು ಶಿಫಾನಾ ಮನೆಗೆ ಫೋನ್ ಮಾಡಿದಳು. ಎತ್ತಿದ್ದು ತಾಯಿ ಆಸ್ಯಾ.

"ಉಮ್ಮಾ, ಕೆಲಸ ಮಂಗಳೂರಿನಲ್ಲಿ ಅಲ್ಲ. ಮುಂಬೈಯಲ್ಲಿ."

ಆ ಕಡೆ ಒಗ್ಗರಣೆ ಸಿಡಿಯುತ್ತಿತ್ತು. ಒಲೆ ಆರಿಸಿ ಆಸ್ಯಾ ಅಂದರು: "ಇದು ಫೋನಿನಲ್ಲಿ ಹೇಳುವ ಮಾತಲ್ಲ. ಅಲ್ಲಿಯೇ ಇರು. ಬಾಪನನ್ನು ಕಳಿಸುತ್ತೇನೆ."

ಪುತ್ತುಬ್ಬ ಅವರಿಗೆ ಕಾಪು ಪೇಟೆಯಲ್ಲಿ ಒಂದು ಸಣ್ಣ ಅಂಗಡಿ. ಅದಕ್ಕೆ ಮೊದಲು ಹದಿನೇಳು ವರ್ಷ ಸೌದಿಯಲ್ಲಿದ್ದವರು. ಊರಿನವರ ಲೆಕ್ಕದಲ್ಲಿ ಅವರು ಗಲ್ಫ್‌ನಿಂದ ಸುಖವಾಗಿ ಬಂದು ನೆಲೆಸಿದ ಮನುಷ್ಯ. ಅಂಗಡಿಯ ಬಾಗಿಲು ಅರ್ಧ ಎಳೆದು ಸ್ಕೂಟರಿನಲ್ಲಿ ಮಣಿಪಾಲ ತಲುಪುವಾಗ ಒಂದು ಗಂಟೆ ದಾಟಿತ್ತು. ಶಿಫಾನಾ ಕ್ಯಾಂಟೀನಿನ ಹೊರಗಿನ ಕಲ್ಲು ಬೆಂಚಿನಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಶ್ರೇಯಾ. ಬಾಪ ಬಯ್ಯುತ್ತಾರೆ ಎಂದು ಶಿಫಾನಾ ಎದ್ದು ನಿಂತಳು. ಅವರು ಹೆಲ್ಮೆಟ್ ತೆಗೆದು ಬೆಂಚಿನ ಮೇಲಿಟ್ಟು, "ಊಟ ಆಯಿತಾ?" ಎಂದು ಕೇಳಿದರು. ಆಗಿರಲಿಲ್ಲ. ಮೂವರಿಗೂ ಊಟ ತರಿಸಿದರು. ಅನ್ನಕ್ಕೆ ಸಾರು ಕಲಸುತ್ತಾ, ಮಗಳ ಮುಖ ನೋಡದೆ ಕೇಳಿದರು: "ಅವರು ಎಂತ ಕೇಳಿದರು? ನೀನು ಎಂತ ಹೇಳಿದೆ? ಹೇಳಿದ ಮಾತನ್ನೇ ಹೇಳು."

ಶಿಫಾನಾ ಹೇಳಿದಳು. 'ಎಲ್ಲಿಗೂ ಬರುತ್ತೇನೆ' ಎಂಬ ಮಾತು ಬಂದಾಗ ಅವರ ಕೈ ನಿಂತಿತು.

"ಇದೇ ಮಾತು ನಾನೂ ಹೇಳಿದ್ದೆ," ಎಂದರು. "ಇಪ್ಪತ್ತನಾಲ್ಕು ವರ್ಷ ಆಗ ನನಗೆ. ಮುಂಬೈಯಲ್ಲಿ ಒಬ್ಬ ಏಜೆಂಟನ ಮುಂದೆ ನಿಂತಿದ್ದೆ. 'ಎಲ್ಲಿಗೆ ಕಳಿಸಿದರೂ ಹೋಗ್ತೀಯಾ?' ಎಂದು ಕೇಳಿದ. 'ಎಲ್ಲಿಗೂ ಹೋಗುತ್ತೇನೆ' ಎಂದೆ. ಹಾಗೆ ಹೇಳಿದರೆ ಧೈರ್ಯವಂತ ಎಂದು ತಿಳಿಯುತ್ತಾರೆ ಎಂದು ನನ್ನ ಎಣಿಕೆ. ಜಿದ್ದಾ ಎಂದು ಹೇಳಿದ್ದರು. ವಿಮಾನ ಇಳಿದ ಮೇಲೆ ಒಂದು ಟ್ರಕ್ಕಿನಲ್ಲಿ ಹನ್ನೊಂದು ಗಂಟೆ ಕೂರಿಸಿಕೊಂಡು ಹೋದರು. ಇಳಿಸಿದಲ್ಲಿ ಮರಳು, ನಾಲ್ಕು ತಗಡಿನ ಶೆಡ್. ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿ. ಮೂರು ವರ್ಷ ಊರಿಗೆ ಬರಲು ಬಿಡಲಿಲ್ಲ."

ಶಿಫಾನಾ ಈ ಕತೆಯನ್ನು ಹಿಂದೆ ಕೇಳಿರಲಿಲ್ಲ. ಮನೆಯಲ್ಲಿ ಗೊತ್ತಿದ್ದ ಸೌದಿ ಎಂದರೆ ಬೇರೆ. ಅತ್ತರು, ಕಂಬಳಿ, ಟಾರ್ಚು, ರಜೆಯಲ್ಲಿ ಬಂದು ನಗುವ ಬಾಪ.

"ಆಮೇಲೆ ಒಳ್ಳೆಯ ಕಡೆ ಸೇರಿದೆ, ಅದು ಬೇರೆ ವಿಷಯ," ಎಂದರು ಪುತ್ತುಬ್ಬ. "ನಿನ್ನನ್ನು ಮೊದಲ ಸಲ ನೋಡುವಾಗ ನಿನಗೆ ಎರಡೂವರೆ ವರ್ಷ. ಎತ್ತಿಕೊಳ್ಳಲು ಹೋದರೆ ನನ್ನನ್ನು ನೋಡಿ ಹೆದರಿ ಓಡಿದ್ದೆ."

ಊಟದ ತಟ್ಟೆಯ ಮುಂದೆ ಕುಳಿತ ಶಿಫಾನಾಳಿಗೆ ಈ ಮನುಷ್ಯ ಯಾರೋ ಹೊಸಬರ ಹಾಗೆ ಕಂಡರಂತೆ. ದಿನಾ ಅಂಗಡಿಯಲ್ಲಿ ಬೆಲ್ಲ ತೂಗುವ ಕೈ ಅದು. ಅದರ ಹಿಂದೆ ಇಷ್ಟು ದೊಡ್ಡ ಮರಳುಗಾಡು ಇತ್ತು, ಅದನ್ನು ಇಷ್ಟು ವರ್ಷ ಸುಮ್ಮನೆ ಮಡಚಿ ಇಟ್ಟುಕೊಂಡಿದ್ದರು. "ಬರ್ತಾಕ್ಕ, ಆ ವಿಡಿಯೋ ನೋಡುವಾಗ ಆದದ್ದಕ್ಕಿಂತ ಹೆಚ್ಚು ಆಯಿತು ನನಗೆ," ಎಂದಳು.

"ಹಾಗಾದರೆ ಹೋಗಬೇಡ ಅಂತೀರಾ ಬಾಪಾ?"

"ಯಾರು ಹೇಳಿದ್ದು? ಹೋಗುವುದು ತಪ್ಪಲ್ಲ. ಕೇಳದೆ ಹೋದದ್ದು ನನ್ನ ತಪ್ಪು. ಅವರು ನಿನ್ನನ್ನು ಕೇಳಿದರಲ್ಲ, ಇನ್ನು ನೀನು ಅವರನ್ನು ಕೇಳು. ಪೆನ್ನು ಉಂಟಾ?"

ಅವರು ಹೇಳುತ್ತಾ ಹೋದರು, ಶಿಫಾನಾ ಹಾಲ್‌ಟಿಕೆಟಿನ ಹಿಂಬದಿಯಲ್ಲಿ ಬರೆಯುತ್ತಾ ಹೋದಳು. ಶ್ರೇಯಾ ಕೂಡ ಊಟ ಬಿಟ್ಟು ಕೇಳುತ್ತಿದ್ದಳು. ನಡುವೆ ಆಸ್ಯಾ ಅವರ ಫೋನ್ ಬಂತು. ಪುತ್ತುಬ್ಬ ಸ್ಪೀಕರಿಗೆ ಹಾಕಿದರು.

"ರೈಲು ಉಂಟಲ್ಲ," ಎಂದರು ಆಸ್ಯಾ. ಅಷ್ಟು ಹೊತ್ತು ಅದನ್ನೇ ಯೋಚಿಸುತ್ತಿದ್ದಿರಬೇಕು. "ಸಂಜೆ ಹತ್ತಿದರೆ ಬೆಳಿಗ್ಗೆ ಅಲ್ಲಿ. ನಿಮ್ಮ ಸೌದಿಯ ಹಾಗೆ ಅಲ್ಲ. ಅವಳಿಗೆ ಜ್ವರ ಬಂದರೆ ನಾನು ಮರುದಿನ ತಲುಪುತ್ತೇನೆ. ಆದರೆ ಒಂದು ಮಾತು. ರಾತ್ರಿ ಕೆಲಸ ಇದ್ದರೆ ಮನೆಯಿಂದ ಹೇಗೆ ಹೋಗುವುದು, ಹೇಗೆ ಬರುವುದು, ಅದನ್ನು ಕೇಳಲಿ."

ಅದನ್ನೂ ಬರೆದಳು.

"ನೀವೂ ಒಳಗೆ ಬನ್ನಿ ಬಾಪಾ," ಎಂದಳು ಶಿಫಾನಾ.

"ಕೆಲಸ ನನಗಲ್ಲವಲ್ಲ," ಎಂದು ಅವರು ಬೆಂಚಿನಲ್ಲಿಯೇ ಕುಳಿತರು.

ಎರಡು ಗಂಟೆ ಹತ್ತು ನಿಮಿಷಕ್ಕೆ ಶಿಫಾನಾ ಆಂಜೆಲಾ ಮೇಡಂ ಮುಂದೆ ಹಾಲ್‌ಟಿಕೆಟ್ ತಿರುಗಿಸಿ ಇಟ್ಟಳು.

"ಮೇಡಂ, ಬೆಳಿಗ್ಗೆ ಎಲ್ಲಿಗೂ ಬರುತ್ತೇನೆ ಎಂದೆ. ಅದನ್ನು ತಿದ್ದಬೇಕು. ನವಿ ಮುಂಬೈಗೆ ಬರುತ್ತೇನೆ. ಮನೆಯಲ್ಲಿ ಹೇಳಿದ್ದೇನೆ. ಒಪ್ಪಿಗೆ ಕೊಡುವ ಮೊದಲು ಇಷ್ಟು ಕೇಳಿ ಬಾ ಎಂದಿದ್ದಾರೆ."

ಮೇಡಂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಕೇಳಿ."

"ಮೊದಲ ದಿನ ನಾನು ಎಲ್ಲಿ ಮಲಗುವುದು?"

ಮೊದಲ ಹದಿನೈದು ದಿನ ಕಂಪನಿಯ ವಸತಿಯಲ್ಲಿ, ಲ್ಯಾಬಿನಿಂದ ಎರಡು ಕಿಲೋಮೀಟರ್. ಆಮೇಲೆ ಹಾಸ್ಟೆಲ್ ಅಥವಾ ರೂಮು ನೀವೇ ನೋಡಿಕೊಳ್ಳಬೇಕು. ಈಗ ಅಲ್ಲಿರುವ ಹುಡುಗಿಯರ ನಂಬರ್ ಕೊಡುತ್ತೇನೆ ಎಂದರು.

"ನನ್ನ ಮೂಲ ಸರ್ಟಿಫಿಕೇಟುಗಳು ಯಾರ ಹತ್ತಿರ ಇರುತ್ತವೆ?"

"ನಿಮ್ಮ ಹತ್ತಿರ. ಸೇರುವ ದಿನ ನೋಡಿ, ನಿಮ್ಮೆದುರೇ ವಾಪಸ್ ಕೊಡುತ್ತೇವೆ. ನಕಲು ಮಾತ್ರ ನಮಗೆ."

ಆಸ್ಯಾ ಅವರ ಪ್ರಶ್ನೆಗೂ ಉತ್ತರ ಸಿಕ್ಕಿತು. ರಾತ್ರಿ ಪಾಳಿ ಇದ್ದೇ ಇದೆ, ಡಬ್ಬಿಗಳು ಬರುವುದೇ ಆಗ. ಹುಡುಗಿಯರಿಗೆ ಮನೆ ಬಾಗಿಲಿಗೆ ಗಾಡಿ ಬರುತ್ತದೆ, ಹಾಗೆಯೇ ಬಿಡುತ್ತದೆ. ಹುಷಾರಿಲ್ಲದಿದ್ದರೆ ಹೇಳಬೇಕಾದವರ ಹೆಸರು ಬರೆದುಕೊಟ್ಟರು. ಆಗದೆ ಹೋದರೆ ಬಿಟ್ಟುಬರಬಹುದಾ ಎಂದು ಕೇಳಿದ್ದಕ್ಕೆ, ಬರಬಹುದು, ತರಬೇತಿಯ ಸಮಯದಲ್ಲಿ ಹದಿನೈದು ದಿನ ಮೊದಲು ಬರೆದುಕೊಟ್ಟರೆ ಸಾಕು, ಇಷ್ಟು ವರ್ಷ ಇರಲೇಬೇಕೆಂಬ ಬಾಂಡ್ ಇಲ್ಲ ಎಂದರು.

ಕೊನೆಯ ಪ್ರಶ್ನೆ ಪುತ್ತುಬ್ಬ ಅವರದ್ದೇ: "ಕಾಗದದಲ್ಲಿ ಬರೆದ ಊರೂ ನಾನು ಕೆಲಸ ಮಾಡುವ ಊರೂ ಒಂದೇಯಾ?"

ಆಂಜೆಲಾ ಮೇಡಂ ಆಫರ್ ಪತ್ರದ ನಮೂನೆ ತೆರೆದು ತೋರಿಸಿದರು. ಕೆಲಸದ ಸ್ಥಳ ನವಿ ಮುಂಬೈ ಎಂದು ಇತ್ತು. ಅದರ ಕೆಳಗೆ, ಕಂಪನಿಯ ಅಗತ್ಯಕ್ಕೆ ತಕ್ಕಂತೆ ದೇಶದ ಯಾವ ಶಾಖೆಗಾದರೂ ವರ್ಗ ಮಾಡಬಹುದು ಎಂಬ ಸಾಲೂ ಇತ್ತು.

"ಈ ಸಾಲು ಎಲ್ಲರ ಪತ್ರದಲ್ಲೂ ಇರುತ್ತದೆ, ನಾನು ತೆಗೆಯಲಾರೆ. ಇದರ ಬಗ್ಗೆ ಪ್ರಶ್ನೆ ಕೇಳಿದ ಹೊಸಬರನ್ನು ನಾನು ಇದುವರೆಗೆ ನೋಡಿರಲಿಲ್ಲ. ಮೊದಲ ವರ್ಷ ನಿಮ್ಮನ್ನು ನವಿ ಮುಂಬೈಯಲ್ಲಿಯೇ ಇಡುತ್ತೇವೆ. ಅದನ್ನು ನಾಳೆ ಮೈಲಿನಲ್ಲಿ ಬರೆದು ಕಳಿಸುತ್ತೇನೆ. ಅಷ್ಟು ನನ್ನ ಕೈಯಲ್ಲಿದೆ. ಈಗ ಹೇಳಿ, ಬರುತ್ತೀರಾ?"

"ಬರುತ್ತೇನೆ ಮೇಡಂ."

"ಬೆಳಿಗ್ಗೆಯೂ ಹೌದು ಎಂದಿರಿ, ಈಗಲೂ ಹೌದು ಎಂದಿರಿ," ಎಂದು ಮೇಡಂ ನಕ್ಕರು. "ಈಗಿನದನ್ನು ಬರೆದುಕೊಳ್ಳುತ್ತೇನೆ. ಈ ಪ್ರಶ್ನೆ ಬರೆಸಿದವರು ಯಾರು?"

"ನಮ್ಮ ಬಾಪ. ಹೊರಗೆ ಇದ್ದಾರೆ."

ಆಂಜೆಲಾ ಮೇಡಂ ಎದ್ದು ಹೊರಗೆ ಬಂದರು. ಕಲ್ಲು ಬೆಂಚಿನಲ್ಲಿ ಹೆಲ್ಮೆಟ್ ಮಡಿಲಲ್ಲಿಟ್ಟು ಕುಳಿತಿದ್ದ ಪುತ್ತುಬ್ಬ ಗಾಬರಿಯಿಂದ ನಿಂತರು. ಅವರಿಬ್ಬರು ಏನು ಮಾತಾಡಿದರು ಎಂದು ನಾನು ಪುತ್ತುಬ್ಬ ಅವರನ್ನೇ ಕೇಳಿದ್ದೇನೆ. "ಎಂತ ಇಲ್ಲ, ನಮಸ್ಕಾರ ಎಂದರು. ನೀವು ಎಷ್ಟು ವರ್ಷ ಹೊರಗೆ ಇದ್ದಿರಿ ಎಂದು ಕೇಳಿದರು," ಎಂದಷ್ಟೇ ಹೇಳಿದರು. ಆದರೆ ಹೇಳುವಾಗ ಕಣ್ಣು ತೇವವಾಗಿತ್ತು.

ಶಿಫಾನಾಳ ನಂತರ ಒಳಗೆ ಹೋದ ಶ್ರೇಯಾ ತನ್ನ ಫಾರ್ಮ್ ವಾಪಸ್ ಕೇಳಿ 'ಹೌದು' ಎಂಬುದನ್ನು 'ಇಲ್ಲ' ಎಂದು ತಿದ್ದಿದಳು. ಅವಳ ತಾಯಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಅದನ್ನು ಬಾಯಿಬಿಟ್ಟು ಹೇಳಲು ಅಲ್ಲಿಯವರೆಗೆ ಅವಳಿಗೆ ನಾಚಿಕೆಯಾಗಿತ್ತು. ಮಂಗಳೂರಿನ ಜಾಗ ಅವಳಿಗೆ ಸಿಕ್ಕಿತು. ಭುಜಂಗ ಸರ್ ಮೊದಲು ಮುಖ ಸಣ್ಣ ಮಾಡಿದರು. ಈಗ ಅವರು ಹೊಸ ಮಕ್ಕಳಿಗೆ ಪುತ್ತುಬ್ಬ ಅವರ ಪ್ರಶ್ನೆಗಳನ್ನು ಬೋರ್ಡಿನಲ್ಲಿ ಬರೆಸುತ್ತಾರೆ ಎಂದು ಕೇಳಿದ್ದೇನೆ.

ಜುಲೈಯಲ್ಲಿ ಶಿಫಾನಾ ಹೊರಟಳು. ಉಡುಪಿಯ ಇಂದ್ರಾಳಿ ರೈಲು ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಪುತ್ತುಬ್ಬ ಅವರು ಜೊತೆಯಲ್ಲಿ ಹೋಗಿ ನಾಲ್ಕು ದಿನ ಇದ್ದು, ಅವಳು ಮಲಗುವ ಮಂಚ, ಬಾಗಿಲಿನ ಚಿಲಕ, ಹತ್ತಿರದ ಆಸ್ಪತ್ರೆ ಎಲ್ಲ ನೋಡಿ ಬಂದರು. ಮೊದಲ ತಿಂಗಳು ಅವಳಿಗೆ ಸುಲಭವಾಗಿರಲಿಲ್ಲ. ಅಷ್ಟು ಜನ, ಅಷ್ಟು ಸದ್ದು, ಹಿಂದಿ ಬಾಯಿಗೆ ಬರುವುದಿಲ್ಲ. ಲೋಕಲ್ ರೈಲಿನಲ್ಲಿ ಇಳಿಯಬೇಕಾದಲ್ಲಿ ಇಳಿಯಲಾಗದೆ ಎರಡು ಸ್ಟೇಷನ್ ಮುಂದೆ ಹೋಗಿ ಅತ್ತದ್ದೂ ಉಂಟು. ಒಂದು ಬೆಳಿಗ್ಗೆ ಪಾಳಿ ಮುಗಿಸಿ ನನಗೆ ಫೋನ್ ಮಾಡಿದಳು. "ಬರ್ತಾಕ್ಕ, ನಿನ್ನೆ ನಿಮ್ಮ ಡಬ್ಬಿ ತೆರೆದದ್ದು ನಾನು. ಟೇಪು ಅಂಟಿಸಿದ ರೀತಿ ನೋಡಿಯೇ ಗೊತ್ತಾಯಿತು." ನಾನು, "ತಣ್ಣಗೆ ಇತ್ತಾ?" ಎಂದು ಕೇಳಿದೆ. "ಇತ್ತು, ಐದು ಡಿಗ್ರಿ," ಎಂದಳು.

ಒಂದೂವರೆ ವರ್ಷ ಕಳೆದಿದೆ. ಡಬ್ಬಿ ತೆರೆಯುವ ವಿಭಾಗದಿಂದ ಈಗ ರಕ್ತಕಣ ನೋಡುವ ವಿಭಾಗಕ್ಕೆ ಬಂದಿದ್ದಾಳೆ. ಯಂತ್ರ ಅನುಮಾನ ಪಟ್ಟ ಸ್ಲೈಡುಗಳನ್ನು ಸೂಕ್ಷ್ಮದರ್ಶಕದಲ್ಲಿ ಮೊದಲು ನೋಡುವವಳು ಅವಳು, ಅವಳ ನಂತರ ಡಾಕ್ಟರು.

ಹೋದ ಡಿಸೆಂಬರಿನಲ್ಲಿ ಆಸ್ಯಾ ಮತ್ತು ಪುತ್ತುಬ್ಬ ಮುಂಬೈಗೆ ಹೋದಾಗ ಲ್ಯಾಬಿನವರು ಅವರನ್ನು ಗಾಜಿನ ಹೊರಗೆ ನಿಂತು ನೋಡಲು ಬಿಟ್ಟರಂತೆ. ಟ್ಯೂಬುಗಳು ಸಾಲಾಗಿ ಬರುತ್ತಿದ್ದವು, ಕವಲಿನಲ್ಲಿ ತಿರುಗಿ ಹೋಗುತ್ತಿದ್ದವು. ಆಸ್ಯಾ ಗಾಜಿಗೆ ಕೈಯಿಟ್ಟು ಬಹಳ ಹೊತ್ತು ನೋಡಿದರು.

"ಇಷ್ಟೂ ಜನ ಈಗ ಎಲ್ಲೋ ಮನೆಯಲ್ಲಿ ಕುಳಿತು ಕಾಯುತ್ತಿರುತ್ತಾರೆ, ಅಲ್ವಾ?" ಎಂದರು.

"ಹೌದು ಉಮ್ಮಾ."

"ಹಾಗಾದರೆ ನಮ್ಮ ಹತ್ತಿರ ಮಾತಾಡುತ್ತಾ ನಿಲ್ಲಬೇಡ," ಎಂದರು ಆಸ್ಯಾ. "ಒಳಗೆ ಹೋಗು."